ಅಂತ್ಯಬಿಂದುವಿಗೆ ಮೊದಲೇ ಸಿಗುವ ಉತ್ತರ: ಸಿರುಗುಪ್ಪ ಸೀಮೆಯ ನೀರು ಮತ್ತು ಗ್ರಾನ್ ನಕ್ಷೆ

(ಬಳ್ಳಾರಿಯಲ್ಲಿ ನೀರು ಪರೀಕ್ಷೆಯ ಕುರಿತು ಆಡಿದ ಮಾತಿನ ಬರಹರೂಪ)



ಪಶ್ಚಿಮ ಘಟ್ಟದಲ್ಲಿ ಹುಟ್ಟುವ ತುಂಗೆ ಮತ್ತು ಭದ್ರೆ ಕೂಡಲಿಯಲ್ಲಿ ಒಂದಾಗಿ, ಹೊಸಪೇಟೆಯ ಜಲಾಶಯದಲ್ಲಿ ನಿಂತು, ಕಾಲುವೆಗಳ ಮೂಲಕ ಕುರುಗೋಡು ಮತ್ತು ಸಿರುಗುಪ್ಪದ ಎರೆಭೂಮಿಗೆ ಬರುತ್ತವೆ. ಘಟ್ಟದಿಂದ ಇಳಿದ ಈ ನೀರಿನಲ್ಲಿ ಲವಣ ಕಡಿಮೆ. ಆದರೆ ಕಾಲುವೆಯ ಕೊನೆಯ ಹೊಲಗಳಿಗೆ ನೀರು ತಲುಪದಿದ್ದಾಗ ರೈತರು ಕೊಳವೆಬಾವಿಯನ್ನೋ, ಭತ್ತದ ಗದ್ದೆಗಳಿಂದ ಹಳ್ಳಕ್ಕೆ ಬಸಿದು ಬಂದ ನೀರನ್ನೋ ಆಶ್ರಯಿಸುತ್ತಾರೆ. ಆ ನೀರಿನ ಗುಣ ಬೇರೆ.

ಅದರಲ್ಲಿ ಬೈಕಾರ್ಬೊನೇಟ್ ಹೆಚ್ಚಿದ್ದರೆ, ಮಣ್ಣು ಒಣಗುವಾಗ ಕ್ಯಾಲ್ಸಿಯಂ ಸುಣ್ಣದ ಹರಳಾಗಿ ಕೂರುತ್ತದೆ, ಸೋಡಿಯಂ ಮಾತ್ರ ದ್ರವದಲ್ಲಿ ಉಳಿಯುತ್ತದೆ. ಸೋಡಿಯಂ ಹಿಡಿದ ಎರೆಮಣ್ಣಿನ ಕಣಗಳು ಚದುರಿ ರಂಧ್ರಗಳು ಮುಚ್ಚುತ್ತವೆ; ನೀರು ಕೆಳಗಿಳಿಯುವುದಿಲ್ಲ. ನಾವು ಸವಳು-ಜವಳು ಎನ್ನುವ ಸ್ಥಿತಿಗೆ ಇದೂ ಒಂದು ದಾರಿ. ಆದ್ದರಿಂದ ಕಾರ್ಬೊನೇಟ್ ಮತ್ತು ಬೈಕಾರ್ಬೊನೇಟುಗಳ ಮೊತ್ತದಿಂದ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂಗಳ ಮೊತ್ತವನ್ನು ಕಳೆದು, ಉಳಿಕೆ ಸೋಡಿಯಂ ಕಾರ್ಬೊನೇಟ್ ಎಂಬ ಅಂಕಿಯನ್ನು ಪಡೆಯುತ್ತೇವೆ. ಲೀಟರಿಗೆ 1.25 ಮಿಲಿ ಈಕ್ವಿವಲೆಂಟಿಗಿಂತ ಕಡಿಮೆಯಿದ್ದರೆ ನೀರು ಸುರಕ್ಷಿತ, 2.5 ದಾಟಿದರೆ ನೀರಾವರಿಗೆ ಯೋಗ್ಯವಲ್ಲ ಎಂಬುದು ರೂಢಿಯ ಮಾನದಂಡ.

ಬೈಕಾರ್ಬೊನೇಟನ್ನು ಅಳೆಯುವುದು ಆಮ್ಲದ ಅನುಮಾಪನದಿಂದ. ಮೀಥೈಲ್ ಆರೆಂಜ್ ಹಾಕಿ, ಹಳದಿ ಬಣ್ಣ ಕಿತ್ತಳೆಗೆ ತಿರುಗುವವರೆಗೆ ಆಮ್ಲ ಬಿಡುತ್ತೇವೆ. ತಿಳಿನೀರಿಗೆ ಇದು ಸಾಕು. ಆದರೆ ಹಳ್ಳದ ಬಸಿನೀರು ತಾನೇ ಕಂದು ಬಣ್ಣದ್ದು. ಅದರಲ್ಲಿ ಹಳದಿ ಎಲ್ಲಿ ಮುಗಿಯಿತು, ಕಿತ್ತಳೆ ಎಲ್ಲಿ ಆರಂಭವಾಯಿತು ಎಂದು ಇಬ್ಬರು ಒಂದೇ ಮಾತು ಹೇಳುವುದಿಲ್ಲ. ಪಿಎಚ್ ಮಾಪಕವಿಟ್ಟರೂ ತೊಡಕು ಪೂರ್ತಿ ನೀಗದು. ಕೊಳೆತ ಹುಲ್ಲಿನ ಸಾವಯವ ಆಮ್ಲಗಳು ಪಿಎಚ್ 4ರಿಂದ 5ರ ನಡುವೆ ಆಮ್ಲವನ್ನು ಹೀರಿಕೊಂಡು, ಅಂತ್ಯದಲ್ಲಿ ಕಾಣಬೇಕಾದ ಕಡಿದಾದ ಇಳಿತವನ್ನು ಮಸುಕುಗೊಳಿಸುತ್ತವೆ.

ಅಂತ್ಯವೇ ಮಸುಕಾಗಿದ್ದರೆ, ಅದಕ್ಕೆ ಮೊದಲಿನ ಸ್ಪಷ್ಟ ಭಾಗದಿಂದ ಅದನ್ನು ಗುರುತಿಸಬಹುದೇ? ಸ್ವೀಡನ್ನಿನ ಗುನ್ನಾರ್ ಗ್ರಾನ್ 1950 ಮತ್ತು 1952ರಲ್ಲಿ ಪ್ರಕಟಿಸಿದ ಲೇಖನಗಳು ಇದಕ್ಕೆ ದಾರಿ ತೋರಿದವು. ಡೊಂಕಾದ ಅನುಮಾಪನ ರೇಖೆಯನ್ನು ಸರಳರೇಖೆಯಾಗಿ ಮಾರ್ಪಡಿಸಿ, ಅದು ಸೊನ್ನೆಯನ್ನು ಮುಟ್ಟುವ ಸ್ಥಳವನ್ನು ಓದುವುದೇ ಅದರ ತಿರುಳು.

ನಮ್ಮ ನೀರಿಗೆ ಅನ್ವಯಿಸಿ ನೋಡೋಣ. ಪಿಎಚ್ 8.3ರಲ್ಲಿರುವ ನೀರಿನಲ್ಲಿ ಬಹುಮಟ್ಟಿಗೆ ಬೈಕಾರ್ಬೊನೇಟ್ ಮಾತ್ರ ಇರುತ್ತದೆ. V ಮಿ.ಲೀ. ಆಮ್ಲ ಹಾಕಿದರೆ ಅಷ್ಟು ಭಾಗ ಕಾರ್ಬೊನಿಕ್ ಆಮ್ಲವಾಗುತ್ತದೆ. ಸಮಾನತಾ ಬಿಂದುವಿಗೆ ಬೇಕಾದ ಆಮ್ಲ Ve ಎಂದಾದರೆ, ಉಳಿದಿರುವ ಬೈಕಾರ್ಬೊನೇಟ್ Ve − V ಗೆ ಅನುಪಾತದಲ್ಲಿರುತ್ತದೆ. ಹೀಗಾಗಿ:

```
V × 10^pH = (Ve − V) / K1
```

ಇಲ್ಲಿ K1 ಕಾರ್ಬೊನಿಕ್ ಆಮ್ಲದ ಮೊದಲ ವಿಯೋಜನಾಂಕ. ಎಡಬದಿಯನ್ನು V ಗೆ ಎದುರಾಗಿ ಗ್ರಾಫ್ ಹಾಳೆಯಲ್ಲಿ ಗುರುತಿಸಿದರೆ ಇಳಿಯುವ ಸರಳರೇಖೆ ಬರುತ್ತದೆ. ಅದನ್ನು ಮುಂದುವರಿಸಿದಾಗ ಅಡ್ಡ ಅಕ್ಷವನ್ನು ಮುಟ್ಟುವ ಸ್ಥಳವೇ Ve.

ಲೆಕ್ಕ ತಿಳಿಯಲು ಒಂದು ಮಾದರಿ ತೆಗೆದುಕೊಳ್ಳೋಣ. 100 ಮಿ.ಲೀ. ನೀರಿಗೆ 0.05 ನಾರ್ಮಲ್ ಹೈಡ್ರೊಕ್ಲೋರಿಕ್ ಆಮ್ಲವನ್ನು ಬಿಡುತ್ತಿದ್ದೇವೆ. 4 ಮಿ.ಲೀ. ಆದಾಗ ಪಿಎಚ್ 6.65, 6 ಮಿ.ಲೀ.ಗೆ 6.35, 8 ಮಿ.ಲೀ.ಗೆ 6.05. ಅಂಕಿಗಳು ದೊಡ್ಡದಾಗದಿರಲು ಪಿಎಚ್‌ನಿಂದ 6 ಕಳೆದು ಲೆಕ್ಕ ಹಾಕಿದರೆ ಕ್ರಮವಾಗಿ 17.9, 13.4 ಮತ್ತು 9.0 ಸಿಗುತ್ತವೆ. ಪ್ರತಿ 2 ಮಿ.ಲೀ.ಗೆ ಸುಮಾರು 4.45ರಷ್ಟು ಇಳಿತ. ಉಳಿದ 9.0 ಇಳಿಯಲು ಇನ್ನೂ 4 ಮಿ.ಲೀ. ಬೇಕು, ಆದ್ದರಿಂದ Ve 12 ಮಿ.ಲೀ. ಅಂದರೆ ಲೀಟರಿಗೆ 6 ಮಿಲಿ ಈಕ್ವಿವಲೆಂಟ್. ನಾವು 8 ಮಿ.ಲೀ.ನಲ್ಲೇ ನಿಂತಿದ್ದೇವೆ, ಕಂದು ಬಣ್ಣದ ಗೊಂದಲದ ಹತ್ತಿರವೂ ಹೋಗಿಲ್ಲ ಎಂಬುದನ್ನು ಗಮನಿಸಿ. ಬೇಕಾದ ಆಮ್ಲದ ಮೂರನೇ ಒಂದು ಭಾಗದಿಂದ ಮುಕ್ಕಾಲು ಭಾಗದವರೆಗಿನ ಐದಾರು ಬಿಂದುಗಳು ಒಳ್ಳೆಯವು. ಅಂತ್ಯಕ್ಕೆ ತೀರಾ ಸಮೀಪದಲ್ಲಿ ಈ ಸರಳ ಸಮೀಕರಣ ಸಡಿಲವಾಗುತ್ತದೆ.

ನೀರಿನ ಪಿಎಚ್ ಮೊದಲೇ 8.3ಕ್ಕಿಂತ ಮೇಲಿದ್ದರೆ ಅದರಲ್ಲಿ ಕಾರ್ಬೊನೇಟ್ ಇದೆ. ಆಮ್ಲದಿಂದ 8.3ಕ್ಕೆ ತಂದು, ಅಲ್ಲಿಂದ V ಎಣಿಸಿ, ಒಟ್ಟು ಕ್ಷಾರತೆಗೆ ಎರಡು ಭಾಗಗಳನ್ನೂ ಕೂಡಿಸಬೇಕು. ಕೆಳಗಿದ್ದರೆ ಅದೇ ಸಾಂದ್ರತೆಯ ಸೋಡಿಯಂ ಹೈಡ್ರಾಕ್ಸೈಡನ್ನು ಹನಿಹನಿಯಾಗಿ ಹಾಕಿ 8.3ಕ್ಕೆ ಏರಿಸಿ, ಹಾಕಿದಷ್ಟನ್ನು ಕೊನೆಯಲ್ಲಿ Ve ಯಿಂದ ಕಳೆಯಬೇಕು.

ಪಿಎಚ್ ಮಾಪಕ ಎಲ್ಲ ಬಿಂದುಗಳಲ್ಲೂ ಒಂದೇ ಪ್ರಮಾಣದಲ್ಲಿ ಹೆಚ್ಚು ಅಥವಾ ಕಡಿಮೆ ತೋರಿಸಿದರೆ ಭಯವಿಲ್ಲ. ರೇಖೆಯ ಓರೆ ಬದಲಾಗುತ್ತದೆ, ಸೊನ್ನೆ ಮುಟ್ಟುವ ಸ್ಥಳ ಬದಲಾಗುವುದಿಲ್ಲ. ನಿಜವಾದ ಶತ್ರು ಗಾಳಿಗೆ ಹಾರಿಹೋಗುವ ಇಂಗಾಲದ ಡೈಆಕ್ಸೈಡ್. ನಮ್ಮ ಮಾದರಿಯಲ್ಲಿ 8 ಮಿ.ಲೀ. ಹೊತ್ತಿಗೆ ಅದರ ಹತ್ತನೇ ಒಂದು ಭಾಗ ಹೋಗಿದೆ ಎನ್ನಿ. ಮಾಪಕ 6.05ರ ಬದಲು 6.10 ತೋರಿಸುತ್ತದೆ, 9.0ರ ಜಾಗದಲ್ಲಿ 10 ಬರುತ್ತದೆ. ರೇಖೆ 12ರ ಬದಲು 13 ಮಿ.ಲೀ.ಗೆ ಹೋಗಿ ಮುಟ್ಟುತ್ತದೆ. ಅನಿಲ ಸ್ವಲ್ಪಸ್ವಲ್ಪವಾಗಿ ಹೋಗುತ್ತಿದ್ದರೆ ರೇಖೆ ನೋಡಲು ನೇರವಾಗಿಯೇ ಇರುತ್ತದೆ. ಆದ್ದರಿಂದ ರೇಖೆ ನೇರವಾಗಿದೆ ಎಂಬುದೊಂದೇ ಸಾಕ್ಷಿಯಾಗಲಾರದು.

ಇದನ್ನು ತಿಳಿಯುವ ಬಗೆ ಹೇಗೆ? ಆಮ್ಲ ಹಾಕಿದ ಮೇಲೆ ಪಿಎಚ್ ಒಮ್ಮೆ ಇಳಿದು, ಕಾಯುತ್ತಿದ್ದಂತೆ ನಿಧಾನವಾಗಿ ಮೇಲೇರತೊಡಗಿದರೆ ಅನಿಲ ಹೊರಡುತ್ತಿದೆ ಎಂದೇ ಅರ್ಥ. ಕಿರಿದಾದ ಬಾಯಿಯ ಪಾತ್ರೆಯನ್ನು ಕತ್ತಿನವರೆಗೆ ತುಂಬಿ, ಮುಚ್ಚಿ, ಮೆಲ್ಲಗೆ ಕಲಕಿ, ಬೇಗ ಮುಗಿಸಬೇಕು. ಅದೇ ನೀರನ್ನು ಬೇರೆ ವೇಗದಲ್ಲಿ ಕಲಕಿ ಮತ್ತೊಮ್ಮೆ ಅಳೆಯಿರಿ. ಉತ್ತರ ಸರಿದರೆ ಮೊದಲನೆಯದನ್ನು ನಂಬಬೇಡಿ. ತಿಳಿನೀರಾದರೆ ಇನ್ನೊಂದು ತಾಳೆಯೂ ಉಂಟು. ಅಂತ್ಯವನ್ನು ದಾಟಿ ಆಮ್ಲ ಹಾಕಿ, ಒಟ್ಟು ಗಾತ್ರವನ್ನು `10^-pH` ನಿಂದ ಗುಣಿಸಿ ಗುರುತಿಸಿದರೆ, ಏರುವ ಇನ್ನೊಂದು ಸರಳರೇಖೆ ಬರುತ್ತದೆ. ಅನಿಲ ಹೋದರೂ ಕ್ಷಾರತೆ ಬದಲಾಗದ ಕಾರಣ ಅದು ಈ ದೋಷಕ್ಕೆ ಸಿಕ್ಕುವುದಿಲ್ಲ. ಎರಡು ರೇಖೆಗಳೂ ಒಂದೇ ಸ್ಥಳದಲ್ಲಿ ಸೊನ್ನೆ ಮುಟ್ಟಬೇಕು.

ಒಂದು ಮಿ.ಲೀ. ವ್ಯತ್ಯಾಸಕ್ಕೆ ಇಷ್ಟು ಶ್ರಮವೇಕೆ? ನಮ್ಮ ಮಾದರಿಯಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೇರಿ 3 ಇವೆ ಎನ್ನೋಣ. Ve 11 ಎಂದು ಓದಿದವರಿಗೆ ಉಳಿಕೆ 2.5, ಅಂದರೆ ನೀರು ಗೆರೆಯ ಮೇಲಿದೆ. 12 ಎಂದವರಿಗೆ 3.0, 13 ಎಂದವರಿಗೆ 3.5. ಲೀಟರಿನಲ್ಲಿ ಒಂದು ಮಿಲಿ ಈಕ್ವಿವಲೆಂಟನ್ನು ತಗ್ಗಿಸಲು 86 ಮಿಲಿಗ್ರಾಂ ಶುದ್ಧ ಜಿಪ್ಸಂ ಬೇಕು. ಒಂದು ಹೆಕ್ಟೇರಿಗೆ 10 ಸೆಂ.ಮೀ. ನೀರು ನಿಲ್ಲಿಸಿದರೆ ಅದು 10 ಲಕ್ಷ ಲೀಟರ್. ಅರ್ಧ ಮಿಲಿ ಈಕ್ವಿವಲೆಂಟಿನ ತಪ್ಪು ಅಲ್ಲಿ 43 ಕಿಲೋ ಜಿಪ್ಸಂ ಆಗುತ್ತದೆ. ಭತ್ತಕ್ಕೆ ಅಷ್ಟು ನೀರನ್ನು ಹತ್ತು ಬಾರಿ ಹಾಯಿಸಿದರೆ 430 ಕಿಲೋ. ತಪ್ಪು ಹೆಚ್ಚಿನ ಕಡೆಗಾದರೆ ಇದು ರೈತನ ಕೈಯಿಂದ ಹೋಗುವ ಹಣ, ಕಡಿಮೆಯ ಕಡೆಗಾದರೆ ಅವನ ಮಣ್ಣಿನಲ್ಲಿ ಉಳಿಯುವ ಸೋಡಿಯಂ.

ಆದುದರಿಂದ ಹಳ್ಳದ ನೀರಿನ ವರದಿಯಲ್ಲಿ ಕ್ಷಾರತೆಯ ಒಂದು ಅಂಕಿಯನ್ನು ಮಾತ್ರ ಬರೆದು ಬಿಡಬೇಡಿ. ಅಳೆದ ಪ್ರತಿ ಬಿಂದುವಿನ ಆಮ್ಲ ಮತ್ತು ಪಿಎಚ್‌ಗಳನ್ನೂ ಗ್ರಾಫ್ ಹಾಳೆಯನ್ನೂ ಅದಕ್ಕೆ ಲಗತ್ತಿಸಿ. ಮುಂದೆ ಅದನ್ನು ಓದುವವರು ರೇಖೆಯನ್ನು ತಾವೇ ಎಳೆದು ನೋಡಬಹುದು.