ಬೆವರಿನ ಲೆಕ್ಕ

ಬೆವರು ಸುರಿಸಿ ದುಡಿಯುವುದೆಂಬ ಮಾತು ನಮ್ಮ ನುಡಿಯಲ್ಲಿ ಹಳೆಯದು. ಆದರೆ ಸುರಿದ ಬೆವರು ಎಷ್ಟೆಂದು ಅಳೆದವರು ವಿರಳ. ಇಟಲಿಯ ಪಾದುವಾದಲ್ಲಿ ಪ್ರಾಧ್ಯಾಪಕನಾಗಿದ್ದ ಸಾಂಟೋರಿಯೋ ಎಂಬ ವೈದ್ಯನು ತಕ್ಕಡಿಗೆ ತೂಗುಹಾಕಿದ ಕುರ್ಚಿಯಲ್ಲಿ ಕುಳಿತು, ತಾನು ಉಂಡದ್ದನ್ನೂ ವಿಸರ್ಜಿಸಿದ್ದನ್ನೂ ತೂಗಿ, ಲೆಕ್ಕಕ್ಕೆ ಸಿಗದೆ ಹೋದ ತೂಕವು ಚರ್ಮ ಮತ್ತು ಉಸಿರಿನ ಮೂಲಕ ಹೊರಬಿದ್ದಿತೆಂದು 1614ರಲ್ಲಿ ಗ್ರಂಥ ಬರೆದನು. ಇಂದಿನ ಓಟಗಾರರು ಅನುಸರಿಸುವುದೂ ಆ ತಕ್ಕಡಿಯ ಮಾರ್ಗವನ್ನೇ.

ಕ್ರಮ ಸರಳ. ಮೂತ್ರವಿಸರ್ಜನೆ ಮುಗಿಸಿ, ಅತ್ಯಲ್ಪ ಉಡುಪಿನಲ್ಲಿ ತೂಗಿಕೊಳ್ಳಬೇಕು. ಒಂದು ಗಂಟೆ ಓಡಿ ಬಂದು, ಬೆವರನ್ನು ಒರೆಸಿಕೊಂಡು, ಅದೇ ತಕ್ಕಡಿಯ ಮೇಲೆ ಹಾಗೆಯೇ ನಿಲ್ಲಬೇಕು. ಒದ್ದೆ ಅಂಗಿಯೊಡನೆ ತೂಗಿದರೆ, ಬಟ್ಟೆ ಹೀರಿಕೊಂಡ ಬೆವರೂ ತೂಕಕ್ಕೆ ಸೇರಿ, ನಷ್ಟ ಕಡಿಮೆಯಾಗಿ ಕಾಣುತ್ತದೆ. ನೂರು ಗ್ರಾಮಿನ ವ್ಯತ್ಯಾಸ ತೋರದ ತಕ್ಕಡಿ ಈ ಕೆಲಸಕ್ಕೆ ಒದಗದು.

ಒಬ್ಬನ ತೂಕ ಮೊದಲು 60 ಕಿಲೋ, ಬಳಿಕ 59.2 ಕಿಲೋ ಎನ್ನೋಣ. ಇಳಿದದ್ದು 800 ಗ್ರಾಂ. ನಡುವೆ ಆತ 400 ಮಿಲಿಲೀಟರ್ ನೀರು ಕುಡಿದಿದ್ದಾನೆ. ಅದೂ ಬೆವರಿನ ಲೆಕ್ಕಕ್ಕೆ ಕೂಡಬೇಕು. 100 ಮಿಲಿಲೀಟರ್ ಮೂತ್ರ ಹೋಗಿದ್ದರೆ ಕಳೆಯಬೇಕು. ಒಂದು ಗ್ರಾಮನ್ನು ಒಂದು ಮಿಲಿಲೀಟರೆಂದು ಹಿಡಿದರೆ, ಗಂಟೆಗೆ 1,100 ಮಿಲಿಲೀಟರ್ ಬೆವರು ಎಂದಾಯಿತು.

ತೂಕದ ನೂರಕ್ಕೆ ಎರಡು ಪಾಲಿಗಿಂತ ಹೆಚ್ಚು ನೀರು ಕಳೆದುಕೊಂಡರೆ ದೇಹದ ಕಸುವು ಕುಂದತೊಡಗುತ್ತದೆಂಬುದು ರೂಢಿಯ ಅಳತೆ. ಈತನಿಗೆ ಅದು 1.2 ಕಿಲೋ. ಇದೇ ವೇಗದಲ್ಲಿ ಎರಡು ಗಂಟೆ ಓಡಿದರೆ 2.2 ಲೀಟರ್ ಬೆವರುತ್ತಾನೆ. ಆದ್ದರಿಂದ ಒಟ್ಟು ಒಂದು ಲೀಟರಿನಷ್ಟು, ಅಂದರೆ ಗಂಟೆಗೆ ಅರ್ಧ ಲೀಟರ್ ಕುಡಿದರೆ ಸಾಕು. ಹರಿದದ್ದನ್ನೆಲ್ಲ ಒಡನೆಯೇ ತುಂಬಬೇಕಾಗಿಲ್ಲ.

ಈ 'ಸಾಕು' ಎಂಬ ಮಾತನ್ನು ಮರೆಯಲಾಗದು. 2002ರ ಬಾಸ್ಟನ್ ಮ್ಯಾರಥಾನಿನಲ್ಲಿ 488 ಓಟಗಾರರ ರಕ್ತ ಪರೀಕ್ಷಿಸಿದಾಗ, ನೂರಕ್ಕೆ ಹದಿಮೂರು ಮಂದಿಯಲ್ಲಿ ಸೋಡಿಯಂ ಅಂಶ ಇಳಿದುಹೋಗಿತ್ತು. ಅದಕ್ಕೆ ಬಲವಾಗಿ ಹೊಂದಿಕೊಂಡು ಬಂದ ಲಕ್ಷಣವೆಂದರೆ, ಓಟದ ಅವಧಿಯಲ್ಲಿ ತೂಕ ಹೆಚ್ಚಿದ್ದು. ಬೆವರಿಗಿಂತ ಮಿಗಿಲಾಗಿ ಕುಡಿದ ನೀರು ರಕ್ತವನ್ನು ತೆಳುಮಾಡಿತ್ತು. ಇದು ಮಿತಿಮೀರಿದರೆ ಮಿದುಳು ಊದಿಕೊಳ್ಳುತ್ತದೆ. ಅದೇ ಓಟದಲ್ಲಿ ಓಟಗಾರ್ತಿಯೊಬ್ಬಳು ಹೀಗೆಯೇ ಪ್ರಾಣ ತೆತ್ತಳು. ತಲೆನೋವು, ವಾಕರಿಕೆ, ಬುದ್ಧಿ ಮಂಕಾಗುವುದು ಇದರ ಚಿಹ್ನೆಗಳು. ಇವನ್ನು ನೀರಡಿಕೆಯ ಬಳಲಿಕೆಯೆಂದು ಬಗೆದು ಇನ್ನಷ್ಟು ನೀರು ಕುಡಿಸುವ ಅಪಾಯವಿದೆ. ಓಡಿಬಂದವನ ತೂಕ ಏರಿದ್ದರೆ ಆತ ಹೆಚ್ಚು ಕುಡಿದನೆಂಬುದನ್ನು ತಕ್ಕಡಿಯೇ ಹೇಳುತ್ತದೆ.

ಲೆಕ್ಕಕ್ಕೂ ಒಂದು ಎಲ್ಲೆಯುಂಟು. ಉಸಿರಿನ ತೇವವೂ ದೇಹ ಉರಿಸಿದ ಇಂಧನವೂ ತೂಕವನ್ನು ಇಳಿಸುತ್ತವೆ. ಒಂದು ಗಂಟೆಯಲ್ಲಿ ಅದು ಅಲ್ಪ. ಹಲವು ಗಂಟೆಗಳ ಓಟದಲ್ಲಿ ಕಡೆಗಣಿಸುವಂತಿಲ್ಲ. ಮೇಲಾಗಿ, ಮಾಗಿಯ ಮುಂಜಾನೆ ಅಳೆದ ಬೆವರು ಚೈತ್ರದ ಬಿಸಿಲಿಗೆ ಸಲ್ಲದು. ಋತು ಬದಲಾದಾಗ ತಕ್ಕಡಿಯನ್ನು ಮತ್ತೆ ಕೇಳಬೇಕು.