ವಾರಂಟ್ ಎಲ್ಲಿ ಸಾರ್? ಅದಕ್ಕಿಂತ ದೊಡ್ಡ ಪ್ರಶ್ನೆ: ಪಂಚರು ಎಲ್ಲಿ?

ಒಂದು ಸನ್ನಿವೇಶ ಅಂದ್ಕೊಳ್ಳಿ. ಭದ್ರಾವತಿಯ ನ್ಯೂಟೌನ್‌ನಲ್ಲಿ ನಿಮ್ಮ ಮನೆ, ರಾತ್ರಿ ಹತ್ತು ಗಂಟೆ. ಬಾಗಿಲಲ್ಲಿ ಪೊಲೀಸರು. "ಶಿವಮೊಗ್ಗದ ದುರ್ಗಿಗುಡಿಯಲ್ಲಿ ಕಿತ್ಕೊಂಡು ಹೋದ ಚಿನ್ನದ ಸರ ನಿಮ್ಮ ತಮ್ಮನ ಹತ್ರ ಇದೆಯಂತೆ, ಮನೆ ನೋಡ್ಬೇಕು" ಅಂತಾರೆ. ನೀವು ಸಿನಿಮಾ ಡೈಲಾಗ್ ಹೊಡೀತೀರಿ: "ವಾರಂಟ್ ಎಲ್ಲಿ ಸಾರ್?"

ಬೇಜಾರಿನ ಉತ್ತರ ಏನಂದ್ರೆ, ವಾರಂಟ್ ಇಲ್ಲದೆಯೂ ಆ ಶೋಧ ಕಾನೂನುಬದ್ಧ ಆಗಿರಬಹುದು. ಸಾಮಾನ್ಯವಾಗಿ ಕೋರ್ಟಿನಿಂದ ವಾರಂಟ್ ತರಬೇಕು, ನಿಜ. ಆದರೆ ತರುವಷ್ಟರಲ್ಲಿ ಸರ ಕರಗಿಹೋಗುತ್ತೆ ಅನ್ನೋ ಸ್ಥಿತಿ ಇದ್ದರೆ, ತನಿಖಾಧಿಕಾರಿ ನೇರವಾಗಿ ಹುಡುಕಬಹುದು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 185ನೇ ಸೆಕ್ಷನ್ ಈ ಅವಕಾಶ ಕೊಡುತ್ತೆ. ಷರತ್ತು ಇದೆ: ಏನು ಹುಡುಕ್ತೀವಿ, ಯಾಕೆ ಅನುಮಾನ ಅಂತ ಮೊದಲೇ ಬರೆದಿಡಬೇಕು. ಅದರ ಪ್ರತಿ 48 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್‌ಗೆ ಹೋಗಬೇಕು. ಅರ್ಜಿ ಹಾಕಿದರೆ ಮ್ಯಾಜಿಸ್ಟ್ರೇಟ್ ನಿಮಗೂ ಒಂದು ಪ್ರತಿ ಉಚಿತವಾಗಿ ಕೊಡ್ತಾರೆ.

ನಿಮ್ಮ ಫೋನಿನ ಒಳಗಿರೋದು ಬೇರೆ ಮಾತು. ಬೆಂಗಳೂರಿನ ಒಂದು ಡ್ರಗ್ಸ್ ಕೇಸಿನಲ್ಲಿ 2021ರ ಮಾರ್ಚ್‌ನಲ್ಲಿ ಕರ್ನಾಟಕ ಹೈಕೋರ್ಟ್ ಹೇಳಿದ್ದು: ಪಾಸ್‌ವರ್ಡ್ ಕೊಡಲು ಒಪ್ಪದಿದ್ದರೆ ಪೊಲೀಸರು ಕೋರ್ಟಿಗೆ ಹೋಗಿ ಸರ್ಚ್ ವಾರಂಟ್ ಕೇಳಬೇಕು. ತುರ್ತು ಇದ್ದರೆ ಮಾತ್ರ, ಕಾರಣ ಬರೆದು, ವಾರಂಟ್ ಇಲ್ಲದೆ ನೋಡಬಹುದು. ಅದು ಹಳೇ ಸಿಆರ್‌ಪಿಸಿ ಕಾಲದ ತೀರ್ಪು, ನೆನಪಿರಲಿ.

ಈಗ ಪಂಚರ ವಿಷಯ. ಮನೆ ಹುಡುಕೋಕೆ ಮುಂಚೆ ಆ ಬಡಾವಣೆಯ ಕನಿಷ್ಠ ಇಬ್ಬರು ಸ್ವತಂತ್ರ, ಗೌರವಸ್ಥರನ್ನು ಕರೀಬೇಕು. ಅಲ್ಲಿ ಯಾರೂ ಒಪ್ಪದಿದ್ದರೆ ಬೇರೆ ಕಡೆಯವರನ್ನು. ಯಾಕೆ ಗೊತ್ತಾ? ಅಟ್ಟದ ಮೇಲಿನ ಡಬ್ಬಿಯಲ್ಲಿ ಸರ ಸಿಕ್ಕಿತು ಅಂತ ಪೊಲೀಸರು ಹೇಳ್ತಾರೆ, ಅದು ಅಲ್ಲಿರಲೇ ಇಲ್ಲ ಅಂತ ತಮ್ಮ ಹೇಳ್ತಾನೆ. ಯಾವ ಕಡೆಗೂ ಸೇರದ ಕಣ್ಣು ಬೇಕಾಗೋದು ಅಲ್ಲೇ. ಮಹಜರಿನಲ್ಲಿ ಬರೀ "ಚಿನ್ನದ ಸರ" ಅಂತಲ್ಲ, ಯಾವ ಕೋಣೆ, ಯಾವ ಡಬ್ಬಿ ಅಂತಲೂ ಇರಬೇಕು. ಪಂಚರ ಸಹಿ ಬೇಕು. ಪಟ್ಟಿಯ ಪ್ರತಿ ಮನೆಯವರಿಗೆ ಕೊಡಬೇಕು, ಹುಡುಕುವಾಗ ಮನೆಯವರು ಜೊತೆಗಿರಬಹುದು. ಈಗ ಇಡೀ ಶೋಧವನ್ನು, ಪಟ್ಟಿ ಬರೆದು ಸಹಿ ಮಾಡೋದನ್ನೂ ಸೇರಿಸಿ, ವಿಡಿಯೋ ಮಾಡಬೇಕು. ಮೊಬೈಲ್‌ನಲ್ಲಿ ಮಾಡಿದರೂ ಸಾಕು.

ಕೇಸು ಬೀಳೋದು ಎಲ್ಲಿ? ವರ್ಷಗಳ ನಂತರ ಪಂಚ ಸಾಕ್ಷಿಕಟ್ಟೆಗೆ ಬಂದು, "ಸ್ಟೇಷನ್‌ನಲ್ಲಿ ಸಹಿ ಹಾಕು ಅಂದ್ರು, ಹಾಕಿದೆ" ಅಂದಾಗ. ಹಾಗಂತ ಎಲ್ಲ ಅಲ್ಲಿಗೇ ಮುಗಿಯಲ್ಲ. ಪೊಲೀಸರ ಸಾಕ್ಷ್ಯ ನಂಬುವಂತಿದ್ದರೆ ಕೋರ್ಟ್ ಒಪ್ಪಬಹುದು. ಶೋಧದಲ್ಲಿ ತಪ್ಪಾಯ್ತು ಅಂದ ಮಾತ್ರಕ್ಕೆ ಸಿಕ್ಕ ವಸ್ತು ತಾನಾಗೇ ಸಾಕ್ಷ್ಯದಿಂದ ಬಿದ್ದುಹೋಗಲ್ಲ, ಅನುಮಾನ ಜಾಸ್ತಿ ಆಗುತ್ತೆ ಅಷ್ಟೆ.

ಇನ್ನೊಂದು. ಪಕ್ಕದ ಮನೆ ಶೋಧಕ್ಕೆ ಪಂಚರಾಗಿ ಅಂತ ಲಿಖಿತ ಆದೇಶ ಬಂದರೆ, ಸರಿಯಾದ ಕಾರಣವಿಲ್ಲದೆ ಒಲ್ಲೆ ಅನ್ನೋದು ಅಪರಾಧ. ಆದರೆ ಕಣ್ಣಾರೆ ನೋಡದ್ದಕ್ಕೆ, ಇಲ್ಲವೇ ಖಾಲಿ ಹಾಳೆಗೆ, ಸಹಿ ಹಾಕಿ ಅಂತ ಯಾವ ಕಾನೂನೂ ಹೇಳಲ್ಲ.