ಮಸಿ ಹರಡಿದ್ದನ್ನು ಬಿಡಿಸಿ ಓದಿ, ಕಾಗುಣಿತ ತಿದ್ದಬೇಡಿ
(ಗಡಿನಾಡ ಯುವಕರ ಕೂಟದಲ್ಲಿ ಆಡಿದ ಮಾತಿನ ಬರಹರೂಪ)

ಮಂಜೇಶ್ವರ, ಕಾಸರಗೋಡಿನವರು ಇದ್ದೀರಿ, ತಾಳವಾಡಿಯವರು ಇದ್ದೀರಿ, ಅಕ್ಕಲಕೋಟೆ, ಜತ್ತದಿಂದ ರಾತ್ರಿಯೆಲ್ಲಾ ಪ್ರಯಾಣ ಮಾಡಿ ಬಂದವರೂ ಇದ್ದೀರಿ. ನಿಮ್ಮಲ್ಲಿ ಹಲವರ ಮನೆಯ ಅಟ್ಟದಲ್ಲಿ, ಹಳೆ ಶಾಲೆಯ ಕಪಾಟಿನಲ್ಲಿ ನೂರು ವರ್ಷದ ಹಿಂದಿನ ಕನ್ನಡ ಪುಸ್ತಕ ಇನ್ನೂ ಇದೆ. ಅದನ್ನು ಮೊಬೈಲಿನಲ್ಲಿ ಟೈಪ್ ಮಾಡಿ ಉಳಿಸೋಣ ಅಂತ ನಾವು ಹೊರಟಿದ್ದೇವೆ. ಇವತ್ತಿನ ಮಾತು ಒಂದೇ ವಿಷಯದ್ದು: ಅಚ್ಚಾದದ್ದನ್ನು ಅಚ್ಚಾದ ಹಾಗೇ ನಕಲು ಮಾಡೋದು ಹೇಗೆ?

ಮೊದಲಿಗೆ, ಯಾಕೆ ಹಾಗೇ ಮಾಡಬೇಕು? 1956ರ ನವೆಂಬರ್ 1ರ ತನಕ ಕಾಸರಗೋಡು ಮದರಾಸು ಕಡೆಯ ದಕ್ಷಿಣ ಕನ್ನಡ ಜಿಲ್ಲೆಯಲ್ಲೇ ಇತ್ತು. ಆ ಕಾಲದ ಪುಸ್ತಕಗಳಲ್ಲಿ ನಮ್ಮ ಊರುಗಳ ಹೆಸರು ಕನ್ನಡದಲ್ಲಿ ಅಚ್ಚಾಗಿವೆ. 2021ರಲ್ಲಿ ಕಾಸರಗೋಡಿನ ಊರ ಹೆಸರುಗಳನ್ನು ಬದಲಾಯಿಸ್ತಾರೆ ಅಂತ ಗದ್ದಲ ಎದ್ದಾಗ ಎಲ್ಲರೂ ಕೇಳಿದ್ದು ಒಂದೇ: ಹಳೆಯದರಲ್ಲಿ ಏನಂತ ಇದೆ ತೋರಿಸಿ. ಆಗ ನಾವು ಟೈಪ್ ಮಾಡಿದ ಪುಟ ತೋರಿಸಿದರೆ, ಎದುರಿನವರು ಮೂಲ ಪುಸ್ತಕ ತಂದು ಪಕ್ಕದಲ್ಲಿಟ್ಟು ನೋಡ್ತಾರೆ. ನಾವು ಎರಡು ಕಡೆ ನಮಗೆ ತೋಚಿದಂತೆ ತಿದ್ದಿದ್ದರೆ ಸಾಕು, ಮೂರನೆಯದನ್ನು ಅವರು ನಂಬೋದಿಲ್ಲ. ತಿದ್ದಿದ್ದು ಊರ ಹೆಸರನ್ನಲ್ಲ, ಬರೀ ಕಾಗುಣಿತವನ್ನು ಅಂದ್ರೂ ಕೇಳೋದಿಲ್ಲ.

ಹಳೆಯ ಪುಟದಲ್ಲಿ ನಮ್ಮ ಕಣ್ಣಿಗೆ ವಿಚಿತ್ರವಾಗಿ ಕಾಣೋದೆಲ್ಲ ಒಂದೇ ಜಾತಿಯದ್ದಲ್ಲ. ಮೂರು ಬಗೆ ಇದೆ. ಒಂದು, ಆ ಕಾಲದ ಕಾಗುಣಿತ. ಎರಡು, ಮೊಳೆ ಜೋಡಿಸಿದವರ ಕೈತಪ್ಪು. ಮೂರು, ಮಸಿ ಹರಡಿದ್ದು. ಮೊದಲ ಎರಡನ್ನೂ ಇದ್ದ ಹಾಗೇ ನಕಲು ಮಾಡಬೇಕು. ಮೂರನೆಯದನ್ನು ಮಾತ್ರ ಬಿಡಿಸಿ ಓದಬೇಕು. ಯಾಕಂದ್ರೆ ಮಸಿಯ ಕಲೆ ಅಕ್ಷರವೇ ಅಲ್ಲ, ಅದರ ಅಡಿಯಲ್ಲಿ ಯಾವ ಮೊಳೆ ಇತ್ತೋ ಅದೇ ಅಕ್ಷರ. ಕೆಲಸದ ಕಷ್ಟವೆಲ್ಲ ಇರೋದು ಈ ಮೂರನ್ನು ಬೇರೆ ಮಾಡೋದರಲ್ಲಿ.

ಒಂದು ಮಾದರಿ ಇಟ್ಟುಕೊಂಡು ನೋಡೋಣ. ಇದು ಯಾವ ಪುಸ್ತಕದ ಸಾಲೂ ಅಲ್ಲ, ಆ ಕಾಲದ ರೀತಿಯಲ್ಲಿ ನಾವೇ ಕಟ್ಟಿದ್ದು:

"ಮಧೂರಿನ ದೇವಸ್ಥಾನಕ್ಕೆ ಹೋಗುವದಕ್ಕೆ ಯೆರಡು ಮಾರ್ಗ್ಗಗಳಿರುವವು. ಮಳೆಗಾದಲ್ಲಿ ಹೊಳೆ ದಾಟುವದು ಕಷ್ಟ."

ಇದರಲ್ಲಿ "ಮಧೂರಿನ" ಅನ್ನೋ ಪದದ ಎರಡನೆಯ ಅಕ್ಷರದ ಬುಡದಲ್ಲಿ ಮಸಿ ತುಂಬಿ ಗಂಟಾಗಿದೆ ಅಂತ ಇಟ್ಟುಕೊಳ್ಳಿ.

ಮೊದಲು ಕಾಗುಣಿತ. "ಹೋಗುವದಕ್ಕೆ", "ದಾಟುವದು" ಕಂಡ ಕೂಡಲೇ ನಮ್ಮ ಬೆರಳು ತಾನಾಗೇ "ಹೋಗುವುದಕ್ಕೆ", "ದಾಟುವುದು" ಅಂತ ಒತ್ತುತ್ತೆ. ತಡೀರಿ. ಮಂಗಳೂರಿನ ಅಚ್ಚಿನಲ್ಲೂ ಧಾರವಾಡ ಕಡೆಯ ಅಚ್ಚಿನಲ್ಲೂ "ವದು" ಅನ್ನೋದು ಸಾಮಾನ್ಯ ರೂಪ. "ಯೆರಡು", "ಯೆಲ್ಲಾ", "ವೊಂದು" ಕೂಡ ಹಾಗೇ. ನಾವು ಬಾಯಲ್ಲಿ ಇವತ್ತೂ ಹಾಗೇ ಅನ್ತೇವೆ, ಅವರು ಅದನ್ನು ಬರೆದರು ಅಷ್ಟೇ. "ಮಾರ್ಗ್ಗ", "ಧರ್ಮ್ಮ", "ಪೂರ್ವ್ವ" ಅಂತ ರಕಾರದ ನಂತರದ ವ್ಯಂಜನ ಇಮ್ಮಡಿಯಾಗೋದನ್ನು ಸಂಸ್ಕೃತ ವ್ಯಾಕರಣವೇ ಒಪ್ಪುತ್ತದೆ. ಹಾಗಾಗಿ ಇದು ಯಾರ ಅಜ್ಞಾನವೂ ಅಲ್ಲ. ಗುರುತು ಹಿಡಿಯುವ ದಾರಿ ಸುಲಭ: ಅದೇ ರೂಪ ನಾಲ್ಕಾರು ಪುಟಗಳಲ್ಲಿ ಮತ್ತೆ ಮತ್ತೆ ಬಂದರೆ ಅದು ಆ ಪುಸ್ತಕದ ಕಾಗುಣಿತ. ಒಂದೇ ಪುಟದಲ್ಲಿ "ಎರಡು" ಮತ್ತು "ಯೆರಡು" ಎರಡೂ ಬರಬಹುದು. ಆಗ ಎರಡನ್ನೂ ಇದ್ದಲ್ಲಿ ಇದ್ದ ಹಾಗೇ ಬಿಡಿ, ಸಮ ಮಾಡೋಕೆ ಹೋಗಬೇಡಿ.

ಎರಡನೆಯದು ಕೈತಪ್ಪು. "ಮಳೆಗಾದಲ್ಲಿ" ನೋಡಿ, "ಲ" ಬಿಟ್ಟುಹೋಗಿದೆ. ಇಂಥದ್ದು ಇಡೀ ಪುಸ್ತಕದಲ್ಲಿ ಒಂದೇ ಸಲ ಬರುತ್ತೆ, ಹಾಗೆ ಬರೆಯೋಕೆ ಕಾರಣವೂ ಕಾಣೋದಿಲ್ಲ. ಸೀಸದ ಮೊಳೆಗಳನ್ನು ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿ ನೋಡಿಕೊಂಡು ಒಂದೊಂದೇ ಜೋಡಿಸುವ ಕೆಲಸ ಅದು, ಒಂದು ಮೊಳೆ ತಪ್ಪೋದು ಸಹಜ. ನಕಲಿನಲ್ಲಿ "ಮಳೆಗಾದಲ್ಲಿ" ಅಂತಲೇ ಬರೆಯಿರಿ. ಬೇರೆ ಹಾಳೆಯಲ್ಲಿ ಪುಟ, ಸಾಲು ಹಾಕಿ "ಹೀಗೇ ಅಚ್ಚಾಗಿದೆ, ಮಳೆಗಾಲದಲ್ಲಿ ಇರಬೇಕು" ಅಂತ ಗುರುತು ಮಾಡಿ. ಪುಸ್ತಕದ ಕೊನೆಗೆ ತಪ್ಪು ಒಪ್ಪುಗಳ ಪಟ್ಟಿ ಇದ್ದರೆ ಅದನ್ನೂ ಒಂದು ಪುಟವಾಗಿ ನಕಲು ಮಾಡಿ. ಆ ಪಟ್ಟಿ ನೋಡಿ ಒಳಗಿನ ಪುಟ ತಿದ್ದಬೇಡಿ.

ಮೂರನೆಯದು ಮಸಿ. ಕನ್ನಡದಲ್ಲಿ ಇದರ ಕಾಟ ಜಾಸ್ತಿ, ಯಾಕಂದ್ರೆ ನಮ್ಮ ಎಷ್ಟೋ ಅಕ್ಷರಗಳಿಗೆ ಒಂದು ಚುಕ್ಕಿ, ಒಂದು ಸೀಳು ಮಾತ್ರ ವ್ಯತ್ಯಾಸ. "ದ"ದ ಹೊಟ್ಟೆ ಸೀಳಿದರೆ "ಧ", "ಬ"ದ ಹೊಟ್ಟೆ ಸೀಳಿದರೆ "ಭ". "ರ"ದ ಒಳಗೆ ಚುಕ್ಕಿ ಇಟ್ಟರೆ "ಠ". "ಮ" ಮತ್ತು "ವು" ಬಾಲದಲ್ಲಷ್ಟೇ ಬೇರೆ. ಮಸಿ ಹೆಚ್ಚು ಬಿದ್ದು ಕಾಗದ ಹೀರಿಕೊಂಡರೆ ಮೊದಲು ಮುಚ್ಚಿಹೋಗೋದು ಇಂಥ ಸಣ್ಣ ಜಾಗಗಳೇ.

ಹಾಗಾದ್ರೆ ನಮ್ಮ ಮಾದರಿಯಲ್ಲಿರೋದು "ಮಧೂರು" ಅಂತ ಹೇಗೆ ಹೇಳೋದು? ನಮಗೆ ಊರು ಗೊತ್ತಿದೆ ಅಂತ ಹೇಳೋ ಹಾಗಿಲ್ಲ, ಅದು ಊಹೆ. ಪುಟದಲ್ಲೇ ಸಾಕ್ಷಿ ಹುಡುಕಬೇಕು. ಅದೇ ಸಾಲಿನ "ದೇವಸ್ಥಾನ", ಮುಂದಿನ "ದಾಟುವದು" ಪದಗಳ "ದ" ನೋಡಿ. ಒಂದೇ ಅಚ್ಚಿನಿಂದ ಎರಕ ಹೊಯ್ದ ಮೊಳೆಗಳಾದ್ದರಿಂದ ಆಕಾರ ಒಂದೇ ಇರುತ್ತೆ. ಅವುಗಳ ಬುಡ ನುಣುಪಾಗಿದ್ದು, ನಮ್ಮ ಅಕ್ಷರದ ಬುಡ ಮಾತ್ರ ಕೆಳಕ್ಕೆ ಚಾಚಿದ್ದರೆ "ಧ" ಇರಬಹುದು. ಇಡೀ ಸಾಲೇ ದಪ್ಪಗೆ ಕಂಡರೆ ಈ ಹೋಲಿಕೆ ಸಾಲದು.

ಆಗ ಹಾಳೆಯನ್ನು ಕಿಟಕಿಯ ಹತ್ತಿರ ಒಯ್ದು, ಬೆಳಕು ಓರೆಯಾಗಿ ಬೀಳೋ ಹಾಗೆ ಹಿಡೀರಿ. ಸೀಸದ ಮೊಳೆ ಕಾಗದವನ್ನು ಒತ್ತಿರುತ್ತದೆ, ಆ ಕುಳಿ ಎಷ್ಟೋ ಸಲ ಇವತ್ತಿಗೂ ಕಾಣುತ್ತೆ. ಸೀಳಿನ ಜಾಗದಲ್ಲಿ ಕುಳಿ ಇದ್ದರೆ ಅಲ್ಲಿ ಲೋಹ ಇತ್ತು ಅಂತ ಅರ್ಥ. ಹರಡಿದ ಮಸಿಗೆ ಕುಳಿ ಇರೋದಿಲ್ಲ, ಅಂಚು ಮಾತ್ರ ಮಸುಕಾಗಿರುತ್ತೆ. ಹಾಳೆ ತಿರುಗಿಸಿಯೂ ನೋಡಿ. ಹಿಂಬದಿಯ ಅಕ್ಷರದ ಮಸಿ ಈ ಕಡೆ ಇಳಿದು ಚುಕ್ಕಿಯ ಹಾಗೆ ಕಾಣಬಹುದು, ಅನುಸ್ವಾರ ಅಂತ ಮೋಸ ಹೋಗ್ತೇವೆ. ಇದಕ್ಕೇ ಹೇಳೋದು, ನಕಲು ಮುಗಿಯೋ ತನಕ ಪುಸ್ತಕ ಕೈಯಲ್ಲಿರಬೇಕು ಅಂತ. ಜೆರಾಕ್ಸಿನಲ್ಲಿ, ಪಿಡಿಎಫ್‌ನಲ್ಲಿ ಈ ಕುಳಿ ಸಿಗೋದಿಲ್ಲ. ಕಲ್ಲಚ್ಚಿನ ಪುಸ್ತಕವಾದರೆ ಮೂಲದಲ್ಲೂ ಕುಳಿ ಇರೋದಿಲ್ಲ, ಅಲ್ಲಿ ಹೋಲಿಕೆಯೊಂದೇ ದಾರಿ.

ಇಷ್ಟು ಮಾಡಿ ಓದಿದ್ದನ್ನು "ಮ[ಧೂ]ರಿನ" ಅಂತ ಚೌಕ ಕಂಸದಲ್ಲಿ ಬರೆಯೋಣ. ಕಂಸದ ಅರ್ಥ: ಮಸಿ ಬಿಡಿಸಿ ನಾವು ಓದಿದ್ದು. ಬಿಡಿಸೋಕೆ ಆಗದೇ ಇದ್ದರೆ "ಮ[?]ರಿನ" ಅಂತ ಬಿಡಿ. ಪ್ರಶ್ನೆ ಚಿಹ್ನೆ ಇರುವ ಪುಟವನ್ನು ಮುಂದೆ ಇನ್ನೊಂದು ಪ್ರತಿ ಸಿಕ್ಕಾಗ ತುಂಬಿಸಬಹುದು. ಊಹೆ ತುಂಬಿದ ಪುಟದಲ್ಲಿ ಊಹೆ ಎಲ್ಲಿದೆ ಅಂತಲೇ ಯಾರಿಗೂ ಗೊತ್ತಾಗೋದಿಲ್ಲ.

ಫೋಟೋ ತೆಗೆಯುವಾಗಲೂ ಇದೇ ನೆನಪಿರಲಿ. ಮೊಬೈಲಿನ ಸ್ಕ್ಯಾನ್ ಆ್ಯಪ್‌ಗಳು ಪುಟವನ್ನು ಅಚ್ಚ ಕಪ್ಪು ಬಿಳುಪು ಮಾಡ್ತವೆ. ನೋಡೋಕೆ ಚೆಂದ, ಆದರೆ ಮಸುಕು ಅಂಚು ಕೂಡ ಕಪ್ಪಾಗಿ ಮೊಳೆಯ ಅಕ್ಷರದ ಜೊತೆ ಸೇರಿಹೋಗುತ್ತೆ. ಬಣ್ಣದಲ್ಲೇ, ಫ್ಲ್ಯಾಶ್ ಇಲ್ಲದೆ, ಪಕ್ಕದ ಬೆಳಕಿನಲ್ಲಿ ತೆಗೆಯಿರಿ.

ಇನ್ನು ಟೈಪಿಂಗ್. ಅರ್ಕಾವೊತ್ತು ಮತ್ತು ಕನ್ನಡದ ಒಂಬತ್ತು ನೋಡೋಕೆ ಒಂದೇ ಥರ. ಕೆಲವರು "ಮಾಗ೯" ಅಂತ ಅಂಕಿ ಒತ್ತಿ ಮುಗಿಸ್ತಾರೆ. ಅನುಸ್ವಾರಕ್ಕೆ ಬದಲು ಸೊನ್ನೆ ಒತ್ತುವವರೂ ಇದ್ದಾರೆ. ಕಣ್ಣಿಗೆ ಸರಿ, ಆದರೆ ನಾಳೆ ಯಾರಾದರೂ ಹುಡುಕಿದರೆ ಆ ಪದ ಸಿಗೋದಿಲ್ಲ, ಕಂಪ್ಯೂಟರಿಗೆ ಅದು ಪದದ ನಡುವಿನ ಅಂಕಿ. ರ, ಅರ್ಧಾಕ್ಷರ ಚಿಹ್ನೆ, ಮುಂದಿನ ವ್ಯಂಜನ, ಈ ಕ್ರಮದಲ್ಲಿ ಒತ್ತಿದರೆ ಅರ್ಕಾವೊತ್ತು ತಾನಾಗಿ ಬರುತ್ತೆ. ಕೆಲವು ಪುಸ್ತಕಗಳಲ್ಲಿ ಅರ್ಕಾವೊತ್ತಿನ ಬದಲು ಪೂರ್ತಿ ರ ಬರೆದು ಕೆಳಗೆ ಒತ್ತು ಕೊಟ್ಟಿರುತ್ತಾರೆ. ಅದನ್ನು ಹಾಗೇ ತೋರಿಸಬೇಕಾದರೆ ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ ಬೇಕು:

```
ರ + U+200D + ್ + ಕ = ರ‍್ಕ
```

ಹಳಗನ್ನಡ ಗ್ರಂಥ ಅಚ್ಚಾದ ಪುಸ್ತಕದಲ್ಲಿ ಱ, ೞ ಸಿಕ್ಕರೆ ಅವನ್ನು ರ, ಳ ಮಾಡಬೇಡಿ. ಕೀಬೋರ್ಡಿನಲ್ಲಿ ಸಿಗದಿದ್ದರೆ U+0CB1 ಮತ್ತು U+0CDE ಅಂತ ಹುಡುಕಿ, ಕಾಪಿ ಮಾಡಿ ಹಾಕಿ.

ಕೊನೆಯದು ತಾಳೆ ನೋಡೋದು. ನಮ್ಮ ಬ್ಯಾಂಕಿನಲ್ಲಿ ಒಬ್ಬರು ಎಂಟ್ರಿ ಹಾಕಿದ್ದನ್ನು ಅವರೇ ಪಾಸ್ ಮಾಡೋ ಹಾಗಿಲ್ಲ, ಇನ್ನೊಬ್ಬರು ವೋಚರ್ ನೋಡಿ ಮಾಡಬೇಕು. ಇಲ್ಲೂ ಅದೇ ನಿಯಮ. ತಾನು ಟೈಪ್ ಮಾಡಿದ್ದನ್ನು ತಾನೇ ಓದಿದರೆ ಕಣ್ಣು ಹಾಳೆಯಲ್ಲಿರೋದನ್ನಲ್ಲ, ಮನಸ್ಸಿನಲ್ಲಿರೋದನ್ನು ಓದುತ್ತೆ. ಅದಕ್ಕೇ ಮೂಲದಲ್ಲಿ ಸಾಲು ಎಲ್ಲಿ ಮುರಿದಿದೆಯೋ ನಕಲಿನಲ್ಲೂ ಅಲ್ಲೇ ಮುರಿಯಿರಿ, ಇನ್ನೊಬ್ಬರಿಗೆ ಸಾಲಿಗೆ ಸಾಲು ಹಿಡಿದು ನೋಡೋಕೆ ಬರುತ್ತೆ. ಗಟ್ಟಿಯಾಗಿ ಓದಿ ತಾಳೆ ನೋಡುವಾಗ ಒಂದು ಎಚ್ಚರ: ನಮ್ಮ ಮಾತಿನಲ್ಲಿ ಮಹಾಪ್ರಾಣ ಕೇಳಿಸೋದು ಕಡಿಮೆ. "ಮಧೂರು" ಅಂದದ್ದು "ಮದೂರು" ಅಂತಲೇ ಕಿವಿಗೆ ಬೀಳುತ್ತೆ. ಹಾಗಾಗಿ ಓದುವವರು "ಹೊಟ್ಟೆ ಸೀಳಿದ ಧ", "ಗ ಕೆಳಗೆ ಗ ಒತ್ತು" ಅಂತ ಬಿಡಿಸಿ ಹೇಳಬೇಕು. ನಿಧಾನ ಆಗುತ್ತೆ, ಆಗಲಿ.

ಈಗ ಇಬ್ಬಿಬ್ಬರು ಜೊತೆಯಾಗಿ ಕೂತುಕೊಳ್ಳಿ, ಒಬ್ಬೊಬ್ಬರಿಗೆ ಒಂದು ಪುಟ. ಸಾಧ್ಯವಾದರೆ ಬೇರೆ ಬೇರೆ ತಾಲೂಕಿನವರು ಜೊತೆಯಾಗಿ. ಅಕ್ಕಲಕೋಟೆಯವರಿಗೆ ತಪ್ಪು ಅನಿಸಿದ ಪದ ಕಾಸರಗೋಡಿನವರ ಮನೆಮಾತಾಗಿರಬಹುದು, ತಿದ್ದೋಕೆ ಮೊದಲು ಕೇಳೋಕೆ ಪಕ್ಕದಲ್ಲೇ ಜನ ಇರ್ತಾರೆ. ಒಬ್ಬರು ಬರೆದ ಪುಟಕ್ಕೆ ಇನ್ನೊಬ್ಬರು ತಾಳೆ ನೋಡಿ ಸಹಿ ಹಾಕಿ. ಕಂಸ ಎಷ್ಟು, ಪ್ರಶ್ನೆ ಚಿಹ್ನೆ ಎಷ್ಟು ಅಂತ ಪುಟದ ಕೆಳಗೆ ಬರೆದು ಕೊಡಿ. ಎರಡೂ ಸೊನ್ನೆ ಅಂತ ಬರೆದ ಪುಟವನ್ನು ನಾವು ಮೊದಲು ತೆಗೆದು ಇನ್ನೊಮ್ಮೆ ನೋಡ್ತೇವೆ.